ಕಾಲು ಸುತ್ತಿನ ತಪ್ಪು

"ನಿಮ್ಮ ಕೈ ಚಿನ್ನದ ಕೈ" ಎಂದು ಯಾರಾದರೂ ಹೇಳಿದರೆ ಶಮ್ಸುನ್ನೀಸಾಗೆ ಮೈಯೆಲ್ಲ ಉರಿಯುತ್ತಿತ್ತು. ಜನ ಹೊಗಳುವುದಕ್ಕೇ ಹೇಳುತ್ತಿದ್ದರು, ಪಾಪ. ಆದರೆ ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ, ಪ್ಲಾಸ್ಟಿಕ್ ಸಾಮಾನು ಎರೆಯುವ ಅಚ್ಚುಗಳನ್ನು ಮಾಡುವ ಸೂರ್ಯನಾರಾಯಣರ ಕಾರ್ಖಾನೆಯಲ್ಲಿ, ಹದಿನಾರು ವರ್ಷ ಉಕ್ಕನ್ನು ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದವಳಿಗೆ ಆ ಮಾತಿನ ಹೊಟ್ಟೆಯೊಳಗೆ ಇದ್ದದ್ದು ಗೊತ್ತಿತ್ತು. ಕೈ ಚಿನ್ನದ್ದು, ಸರಿ. ತಲೆಯ ವಿಷಯವನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಅವಳು ಮೈಸೂರಿನ ಮಂಡಿ ಮೊಹಲ್ಲಾದವಳು. ಟೂಲ್ ಅಂಡ್ ಡೈ, ಅಂದರೆ ಅಚ್ಚು ಮಾಡುವ ವಿದ್ಯೆಯ, ಡಿಪ್ಲೊಮಾಕ್ಕೆ ಸೇರಿದಾಗ ತರಗತಿಯಲ್ಲಿ ಮೂವತ್ತೊಂಬತ್ತು ಹುಡುಗರು, ಇವಳೊಬ್ಬಳು ಹುಡುಗಿ. ನೆಂಟರು ಮೂಗು ಮುರಿದರು. ಅಪ್ಪ ಮಾತ್ರ, ಮಗಳು ಕಬ್ಬಿಣ ಕಡಿದರೆ ನಿಮಗೇನು ನಷ್ಟ ಎಂದು ಬಾಯಿ ಮುಚ್ಚಿಸಿದ. ಅಲ್ಲಿ ಸೋಮಲಿಂಗಪ್ಪ ಎಂಬ ಮೇಷ್ಟರು ಇವಳನ್ನು ಹುಡುಗರಿಗಿಂತ ಹೆಚ್ಚು ಬೈದು, ಹುಡುಗರಿಗಿಂತ ಹೆಚ್ಚು ಕಲಿಸಿದರು. ಆಮೇಲೆ ಮದುವೆ, ಗಂಡ ಮಕ್ಬೂಲ್‌ನ ಹಿಂದೆ ಅಮೆರಿಕಾ. ಇಲ್ಲಿ ಆ ಡಿಪ್ಲೊಮಾ ಕಾಗದವನ್ನು ಯಾರೂ ಮೂಸಿಯೂ ನೋಡಲಿಲ್ಲ. ಕೊನೆಗೆ ಸೂರ್ಯನಾರಾಯಣರು, ಬೆಂಗಳೂರಿನ ಪೀಣ್ಯದಲ್ಲಿ ಬೆಳೆದು ಇಲ್ಲಿ ಹನ್ನೊಂದು ಜನರ ಕಾರ್ಖಾನೆ ಕಟ್ಟಿದವರು, ಅಚ್ಚುಗಳನ್ನು ಉಜ್ಜಿ ಜೋಡಿಸುವ ಬೆಂಚಿನ ಮುಂದೆ ಅವಳನ್ನು ನಿಲ್ಲಿಸಿದರು. ಅಲ್ಲೇ ಅವಳಿಗೆ ಐವತ್ತು ತುಂಬಿತು.

ಅಚ್ಚುಗಳನ್ನು ಡಿಸೈನ್ ಮಾಡುತ್ತಿದ್ದವರು ಕೃಷ್ಣಪ್ರಸಾದ. ಅವರು ನಿವೃತ್ತರಾಗಿ ಎಲಿಕಾಟ್ ಸಿಟಿಯ ಮಗಳ ಮನೆಗೆ ಹೊರಟ ವರ್ಷ, ಅಂದರೆ ಎರಡು ಸಾವಿರದ ಇಪ್ಪತ್ಮೂರರಲ್ಲಿ, ಅವರ ಕುರ್ಚಿ ಖಾಲಿಯಾಯಿತು. ಶಮ್ಸುನ್ನೀಸಾ ಎರಡು ವರ್ಷದಿಂದ ಊಟದ ಬಿಡುವಿನಲ್ಲಿ ಆ ಕುರ್ಚಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕಂಪ್ಯೂಟರಿನಲ್ಲಿ ಅಚ್ಚು ಬಿಡಿಸುವುದನ್ನು ಕಲಿತಿದ್ದಳು. ಬಾಯಿಬಿಟ್ಟು ಕೇಳಿಯೇಬಿಟ್ಟಳು. ಸೂರ್ಯನಾರಾಯಣರು ತಲೆ ಕೆರೆದುಕೊಂಡು, ಒಂದು ಸಣ್ಣ ಕೆಲಸ ಕೊಟ್ಟರು.

"ನೋಡಮ್ಮ, ಇದರ ಟ್ರಯಲ್ ಪಾಸ್ ಆದ್ರೆ ಕುರ್ಚಿ ನಿಮ್ದು. ಆಗ್ಲಿಲ್ಲ ಅಂದ್ರೆ ಮಂಡೇ ಹೊರಗಿನವನೊಬ್ಬನ ಇಂಟರ್ವ್ಯೂ ಇದೆ, ಅವನನ್ನ ಹೈರ್ ಮಾಡ್ತೀನಿ. ಆಮೇಲೆ ಬೇಜಾರ್ ಮಾಡ್ಕೋಬಾರ್ದು."

ಕೆಲಸ ಸಣ್ಣದು ನಿಜ, ಅದರ ತಂಟೆ ಸಣ್ಣದಲ್ಲ. ಉಬ್ಬಸದವರು ಎಳೆದುಕೊಳ್ಳುವ ಔಷಧದ ಡಬ್ಬಿ, ಇನ್ಹೇಲರ್, ಇರುತ್ತದಲ್ಲ, ಅದರ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ. ಹೆಬ್ಬೆರಳಿನಷ್ಟು ಉದ್ದದ, ಚಪ್ಪಟೆ ಲೋಟದ ಆಕಾರದ್ದು. ಆ ಮುಚ್ಚಳ ಹುಟ್ಟುವುದು ಉಕ್ಕಿನ ಎರಡು ತುಂಡುಗಳ ನಡುವೆ. ಹೊರಮೈಗೆ ಆಕಾರ ಕೊಡುವ ತಗ್ಗು ಕ್ಯಾವಿಟಿ; ಒಳಮೈಗೆ ಆಕಾರ ಕೊಡುವ ಉಬ್ಬು ಕೋರ್. ಎರಡೂ ಮುಚ್ಚಿಕೊಂಡಾಗ ಉಳಿಯುವ ಸಂದಿಗೆ ಕರಗಿದ ಪ್ಲಾಸ್ಟಿಕ್ ನುಗ್ಗುತ್ತದೆ, ತಣಿಯುತ್ತದೆ, ಅಚ್ಚು ತೆರೆಯುತ್ತದೆ, ಪಿನ್ನುಗಳು ಮುಚ್ಚಳವನ್ನು ಕೋರಿನಿಂದ ಆಚೆ ತಳ್ಳುತ್ತವೆ. ಹೇಳುವುದಕ್ಕೆ ಇಷ್ಟೇ.

ಹಳೆಯ ಅಚ್ಚು ಕೆಟ್ಟದಾಗಿ ವರ್ತಿಸುತ್ತಿತ್ತು. ಕೃಷ್ಣಪ್ರಸಾದರು ಕ್ಯಾವಿಟಿಯ ಸುತ್ತ ನೀರು ಹರಿಯುವ ದಾರಿ ಕೊರೆಸಿದ್ದರು. ಕೋರ್ ತೀರ ಕಿರಿದು ಎಂದು ಅದನ್ನು ಗಟ್ಟಿ ಉಕ್ಕಾಗಿಯೇ ಬಿಟ್ಟಿದ್ದರು. ಹೊರಗಡೆ ತಂಪು, ಒಳಗಡೆ ಕಾದ ಕಾವಲಿ. ಗೋಡೆಯ ಒಳಮುಖ ಕೊನೆಗೆ ತಣಿದು ಹೆಚ್ಚು ಕುಗ್ಗುವುದರಿಂದ ಮುಚ್ಚಳದ ಉದ್ದನೆಯ ಪಕ್ಕಗಳು ಒಳಕ್ಕೆ ಬಾಗುತ್ತಿದ್ದವು. ಮಿಲಿಮೀಟರಿನ ಹತ್ತರಲ್ಲಿ ಎರಡು ಭಾಗ ಬಾಗಿದರೆ ಕ್ಷಮೆ ಉಂಟು; ಅದು ಆರು ಭಾಗ ಬಾಗುತ್ತಿತ್ತು. ಮೂವತ್ತು ಸೆಕೆಂಡು ತಣಿಸಿದರೂ ಅದೇ ಪಾಡು. ಸಾಲದ್ದಕ್ಕೆ ಎರಡು ತುಂಡು ಕೂಡುವ ಗೆರೆ ಸರಿಯಾಗಿ ಮುಚ್ಚಳದ ಬಾಯಂಚಿನಲ್ಲೇ ಬಿದ್ದಿತ್ತು, ಅಲ್ಲಿ ಪ್ಲಾಸ್ಟಿಕ್ ಜಿನುಗಿ ಚೂಪು ಎಳೆ ಏಳುತ್ತಿತ್ತು. ಕೆಲವು ಮುಚ್ಚಳಗಳಂತೂ ಅಚ್ಚು ತೆರೆದಾಗ ಕೋರಿನ ಮೇಲೆ ಕೂರದೆ ಕ್ಯಾವಿಟಿಯೊಳಗೇ ಸಿಕ್ಕಿಕೊಳ್ಳುತ್ತಿದ್ದವು.

ಶಮ್ಸುನ್ನೀಸಾ ಮೊದಲು ಆ ಗೆರೆಗೇ ಕೈ ಹಾಕಿದಳು. ಮುಚ್ಚಳದ ಬಾಯಿಯಿಂದ ನಾಲ್ಕು ಮಿಲಿಮೀಟರ್ ಒಳಗೆ ಹೊರಮೈಯಲ್ಲಿ ಒಂದು ಸಣ್ಣ ಮೆಟ್ಟಿಲಿತ್ತು, ಅಲ್ಲಿಂದ ಬಾಯಿಯವರೆಗೆ ದಪ್ಪನೆಯ ಪಟ್ಟಿ. ಗೆರೆಯನ್ನು ಆ ಮೆಟ್ಟಿಲಿನ ಅಂಚಿಗೆ ಸರಿಸಿದಳು. ಪಟ್ಟಿ ಮತ್ತು ಬಾಯಂಚು ಪೂರ್ತಿ ಕೋರಿನ ಕಡೆಯ ಉಕ್ಕಿನಲ್ಲೇ ಮೂಡುವಂತೆ, ಪಟ್ಟಿಗೆ ಬಾಯಿಯ ಕಡೆ ಕೂದಲೆಳೆಯಷ್ಟು ಕಿರಿದಾಗುವ ಇಳಿಜಾರು ಕೊಟ್ಟಳು. ಗೆರೆ ಮೆಟ್ಟಿಲಿನ ಅಂಚಿನಲ್ಲಿ ಮರೆಯಾಯಿತು, ಅಚ್ಚು ತೆರೆದಾಗ ಮುಚ್ಚಳ ಕೋರಿನ ಕಡೆಯಲ್ಲೇ ಉಳಿಯುವುದಕ್ಕೂ ಹಿಡಿತ ಸಿಕ್ಕಿತು.

ಆಮೇಲೆ ನೀರು. ಹದಿನೇಳು ಮಿಲಿಮೀಟರ್ ಅಗಲದ ಕೋರಿನೊಳಗೆ, ತಳದಿಂದ ಎಂಟು ಮಿಲಿಮೀಟರ್ ಅಗಲದ, ತುದಿ ತೂರದೆ ಒಳಗೇ ನಿಲ್ಲುವ ಎರಡು ಕುರುಡು ಬಾವಿ ಕೊರೆಸಿದಳು. ಪಕ್ಕದ ಗೋಡೆಗೆ ನಾಲ್ಕೂವರೆ ಮಿಲಿಮೀಟರ್ ಉಕ್ಕು ಉಳಿಯಬೇಕು, ಇಲ್ಲವಾದರೆ ಪ್ಲಾಸ್ಟಿಕ್ಕಿನ ಒತ್ತಡಕ್ಕೆ ಕೋರ್ ಬಿರುಕು ಬಿಡುತ್ತದೆ. ತಳ್ಳುವ ಪಿನ್ನಿನ ತೂತುಗಳಿಂದಲೂ ದೂರ ಇರಬೇಕು. ಬುಡದಲ್ಲಿ ಎರಡೂ ಬಾವಿಗಳನ್ನು ಒಂದು ಅಡ್ಡ ಕಾಲುವೆ ಸೇರಿಸುತ್ತಿತ್ತು. ಪ್ರತಿ ಬಾವಿಯಲ್ಲೂ ಒಂದು ಹಿತ್ತಾಳೆ ಪಟ್ಟಿ, ಕಾಲುವೆಗೆ ಅಡ್ಡವಾಗಿ ನಿಂತ ತಡಿಕೆ. ಕಾಲುವೆಯಲ್ಲಿ ಬಂದ ನೀರು ತಡಿಕೆಗೆ ಬಡಿದು, ಬೇರೆ ದಾರಿಯಿಲ್ಲದೆ ಒಂದು ಮಗ್ಗುಲಲ್ಲಿ ಮೇಲೇರಿ, ತುದಿ ದಾಟಿ, ಇನ್ನೊಂದು ಮಗ್ಗುಲಲ್ಲಿ ಇಳಿದು ಮುಂದಿನ ಬಾವಿಗೆ ಹೋಗುತ್ತದೆ. ತಡಿಕೆಗಳು ಅಂಗಡಿಯಲ್ಲೇ ಸಿಗುತ್ತವೆ. ಬುಡಕ್ಕೆ ತಿರುಪಿನ ಬಿರಡೆ ಇರುತ್ತದೆ, ಬಿಗಿದರೆ ಆಯಿತು. ಎಲ್ಲರೂ ಹಾಕುವುದು ಅದನ್ನೇ, ಅವಳೂ ಅದನ್ನೇ ಹಾಕಿದಳು.

ಗುರುವಾರ ಬೆಳಗ್ಗೆ ಟ್ರಯಲ್. ಗಿರಾಕಿ ಕಂಪನಿಯ ಇಂಜಿನಿಯರ್ ಅವಿನಾಶ್ ಷಾರ್ಲಟ್ಟಿನ ಬ್ಯಾಲಂಟೈನ್ ಆಫೀಸಿನವನು, ನಸುಕಿನಲ್ಲೇ ಎದ್ದು ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ. ಅಚ್ಚು ಪಾಸಾದರೆ ಸಂಜೆಯೊಳಗೆ ವ್ಯಾನಿಗೆ ಹಾಕಿಕೊಂಡು ಕ್ಯಾರೊಲೈನಾದ ಅವರ ಫ್ಯಾಕ್ಟರಿಗೆ ಒಯ್ಯಬೇಕು, ಮರುದಿನ ಅಲ್ಲಿ ಉತ್ಪಾದನೆ ಶುರು. ಒಳ್ಳೆಯ ಹುಡುಗನೇ, ಆದರೆ ಗಡಿಯಾರ ನೋಡುವ ಚಟ. ಹಿಂದಿನ ಕೋಣೆಯಲ್ಲಿ ಅಚ್ಚಿಗೆ ಪ್ಲಾಸ್ಟಿಕ್ ತುಂಬುವ ಮೆಷಿನ್ ನಡೆಸುವವನು ಡೆರಿಕ್ ಎಂಬ ಮಿತಭಾಷಿ. ಅವನು ಮೊದಲ ಮೂವತ್ತು ಮುಚ್ಚಳಗಳನ್ನು ಅಚ್ಚಿನ ಬಿಸಿ ಒಂದು ಹದಕ್ಕೆ ಬರಲೆಂದು ಎಸೆದು, ಮುಂದಿನವನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟ.

ಬಾಯಂಚು ಕನ್ನಡಿಯಂತೆ ನುಣುಪಾಗಿತ್ತು. ಒಂದಾದರೂ ಕ್ಯಾವಿಟಿಗೆ ಸಿಕ್ಕಿಕೊಳ್ಳಲಿಲ್ಲ. ಶಮ್ಸುನ್ನೀಸಾ ಉಸಿರು ಬಿಟ್ಟಳು, ಸೂರ್ಯನಾರಾಯಣರೂ ಮೀಸೆಯಡಿಯಲ್ಲಿ ನಕ್ಕರು. ಆಮೇಲೆ, ಮುಚ್ಚಳಗಳು ತಣಿದ ಮೇಲೆ, ಅವಿನಾಶ್ ಬಾಗು ಅಳೆಯುವ ಗೇಜ್ ಹಾಕಿದ. ಎಡತುದಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಬಾಗು. ಬಲತುದಿಯಲ್ಲಿ ಐದು ಭಾಗ. ಇನ್ನೊಂದು ತೆಗೆದ, ಐದು. ಮತ್ತೊಂದು, ಐದೂವರೆ.

ಅವಳೂ ಒಂದು ಮುಚ್ಚಳ ಎತ್ತಿಕೊಂಡು ಬೆಳಕಿಗೆ ಹಿಡಿದಳು.

ಅವಿನಾಶ್ ನೀರಿನ ಮೀಟರ್ ನೋಡಿದ. ಕೋರಿನ ಕಡೆ ನಿಮಿಷಕ್ಕೆ ಐದು ಲೀಟರ್ ಧಾರಾಳವಾಗಿ ಹರಿಯುತ್ತಿತ್ತು. ನೀರೇನೋ ಚೆನ್ನಾಗಿದೆ, ಹಾಗಾದರೆ ಡಿಸೈನಿನಲ್ಲೇ ಎಲ್ಲೋ ಎಡವಟ್ಟಾಗಿದೆ ಎಂದ. ಗೆರೆ ಸರಿಸಿದ್ದರಿಂದ ಬಲತುದಿಯಲ್ಲಿ ಪ್ಲಾಸ್ಟಿಕ್ ಎಳೆದುಕೊಳ್ಳುತ್ತಿರಬಹುದೇ ಎಂದು ಅನುಮಾನಿಸಿದ. ಸೂರ್ಯನಾರಾಯಣರು ಹಳೆಯ ಗೆರೆಗೇ ಹಿಂದಿರುಗುವ ಮಾತೆತ್ತಿದರು. ಕೃಷ್ಣಪ್ರಸಾದನಿಗೆ ಫೋನ್ ಹಚ್ಚೋಣವೇ ಎಂದೂ ಅಂದರು. ಎದುರಿಗೇ ನಿಂತವಳನ್ನು ಯಾರೂ ಕೇಳಲಿಲ್ಲ. ಹದಿನಾರು ವರ್ಷದ ಅಭ್ಯಾಸ, ಬಿಡು ಎಂದರೆ ಬಿಡುತ್ತದೆಯೇ?

ಅವಳು ಮಾತ್ರ ಮೀಟರನ್ನೇ ನೋಡುತ್ತಿದ್ದಳು. ಐದು ಲೀಟರ್. ಮಂಗಳವಾರ ಬೆಂಚಿನ ಮೇಲೆ ಇದೇ ಒತ್ತಡದಲ್ಲಿ ಅಳೆದಾಗ ಮೂರೂವರೆ ಬಂದಿತ್ತು, ಸ್ವಂತ ಕೈಯಲ್ಲಿ ಬರೆದುಕೊಂಡಿದ್ದಳು. ದಾರಿ ಕಟ್ಟಿಕೊಂಡಿದ್ದರೆ ನೀರು ಕಡಿಮೆಯಾಗಬೇಕು. ಇದು ಹೆಚ್ಚಾಗಿದೆ. ಎರಡು ಬಾವಿ ಹತ್ತಿ ಇಳಿಯಬೇಕಾದ ನೀರು ಹೆಚ್ಚು ಸಲೀಸಾಗಿ ಬರುತ್ತಿದೆಯೆಂದರೆ, ಎಲ್ಲೋ ಒಂದು ಕಡೆ ಹತ್ತುವುದನ್ನೇ ಬಿಟ್ಟಿದೆ.

ಆಗ ನೆನಪಾಯಿತು. ಬುಧವಾರ ಮಧ್ಯಾಹ್ನ ಅಚ್ಚನ್ನು ಜೋಡಿಸುವ ಮುಂಚೆ ಕೋರಿನ ಬುಡ ಒರೆಸುವಾಗ, ಬಲಗಡೆಯ ಬಿರಡೆಯ ಹತ್ತಿರ ಒಂದು ಹನಿ. ಸಾಸಿವೆ ಕಾಳಿನಷ್ಟು. ಕೈ ತಾನಾಗಿಯೇ ಸ್ಪ್ಯಾನರ್ ಎತ್ತಿಕೊಂಡಿತ್ತು. ಸೋರುವುದಕ್ಕೆ ಮದ್ದು ಇನ್ನೊಂದು ಕಾಲು ಸುತ್ತು ಎಂದು ಸೋಮಲಿಂಗಪ್ಪ ಮೇಷ್ಟರು ಮೂರು ವರ್ಷ ತಲೆಗೆ ಕುಟ್ಟಿ ಕೂರಿಸಿದ ಪಾಠ. ಕೊಟ್ಟಳು, ಕಾಲು ಸುತ್ತು. ಹನಿ ನಿಂತಿತು. ಹಾಡು ಗುನುಗುತ್ತ ಅಚ್ಚು ಮುಚ್ಚಿದಳು.

ಬಿರಡೆ ಕಾಲು ಸುತ್ತು ತಿರುಗಿದರೆ, ಅದಕ್ಕೆ ಅಂಟಿಕೊಂಡ ತಡಿಕೆಯೂ ಕಾಲು ಸುತ್ತು ತಿರುಗುತ್ತದೆ. ಕಾಲುವೆಗೆ ಅಡ್ಡ ನಿಂತಿದ್ದದ್ದು ಈಗ ಕಾಲುವೆಯ ನೇರಕ್ಕೆ ನಿಂತಿದೆ. ನೀರು ಅದರ ಎರಡೂ ಮಗ್ಗುಲಲ್ಲಿ ಬುಡದಲ್ಲೇ ಸರ್ರನೆ ಹಾದುಹೋಗುತ್ತಿದೆ. ಬಲಗಡೆಯ ಬಾವಿಯ ಮೇಲ್ಭಾಗಕ್ಕೆ ಏರುತ್ತಲೇ ಇಲ್ಲ. ಕಾಗದದ ಮೇಲೆ ಡಿಸೈನ್ ಸರಿ. ಕೆಡಿಸಿದ್ದು ಅದೇ ಚಿನ್ನದ ಕೈ.

ಹೇಳುವುದೋ ಬಿಡುವುದೋ? ಮೆಷಿನ್ನಿನಿಂದ ಅಚ್ಚು ಇಳಿಸಿ, ಸುಮ್ಮನೆ ಒಮ್ಮೆ ನೋಡುತ್ತೇನೆ ಎಂದು ಬೆಂಚಿಗೆ ಒಯ್ದು, ಸದ್ದಿಲ್ಲದೆ ತಿರುಗಿಸಿ ತಂದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಕಸ ಸಿಕ್ಕಿತ್ತು ಅನ್ನಬಹುದು. ಯಾರು ಕೇಳುತ್ತಾರೆ? ಅಷ್ಟರಲ್ಲಿ ಸೂರ್ಯನಾರಾಯಣರ ಗಮನ ಡೆರಿಕ್ ಕಡೆ ತಿರುಗಿತ್ತು. ನೀರಿನ ಪೈಪುಗಳನ್ನು ಹಾಕಿದವನು ಅವನೇ. ಒಳಗೆ ಹೊರಗೆ ಅದಲು ಬದಲು ಮಾಡಿದೆಯಾ, ಯಾವುದಾದರೂ ಜೋಡಣೆಯನ್ನು ಮುಟ್ಟಿದೆಯಾ ಎಂದು ಇಂಗ್ಲಿಷಿನಲ್ಲಿ ದಬಾಯಿಸುತ್ತಿದ್ದರು. ಆ ಮನುಷ್ಯ ಕೈಕಟ್ಟಿ ನಿಂತು, ಇಲ್ಲ ಸರ್ ಎಂದಷ್ಟೇ ಎರಡು ಸಲ ಹೇಳಿದ. ಅವನ ಮುಖ ನೋಡಿ ಶಮ್ಸುನ್ನೀಸಾಗೆ ನಾಚಿಕೆಯಾಯಿತು.

"ಅವನಲ್ಲ ಸರ್, ನಾನು" ಎಂದಳು. "ನಿನ್ನೆ ಒಂದು ಹನಿ ಸೋರ್ತಿತ್ತು, ಪ್ಲಗ್ ಟೈಟ್ ಮಾಡ್ದೆ. ಒಳಗಡೆ ತಡಿಕೆ ತಿರುಗಿರುತ್ತೆ. ಆಮೇಲೆ ಫ್ಲೋ ಚೆಕ್ ಮಾಡ್ಲಿಲ್ಲ."

ಸೂರ್ಯನಾರಾಯಣರು ಅವಳನ್ನೇ ದಿಟ್ಟಿಸಿದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಎಷ್ಟಾದರೂ ಬೆಂಚಿನ ಕೈ ಬೆಂಚಿನ ಕೆಲಸವನ್ನೇ ಮಾಡುತ್ತೆ ಎಂದು ಗೊಣಗಿ, ಇಳಿಸಿ ನೋಡಿ ಎಂದರು.

ಇಳಿಸಿ, ಬಿಚ್ಚಿದರು. ಬಲಗಡೆಯ ತಡಿಕೆ ಅವಳು ಹೇಳಿದಂತೆಯೇ ಕಾಲುವೆಯ ನೇರಕ್ಕಿತ್ತು. ಬಿರಡೆಯನ್ನು ಹೊರತೆಗೆದು, ಅದರ ತಿರುಪಿನ ಮೇಲೆ ಟೇಪ್ ಹೆಚ್ಚಿಗೆ ಸುತ್ತಿ, ತಡಿಕೆ ಅಡ್ಡ ನಿಲ್ಲುವಲ್ಲಿಗೆ ಬಿಗಿಯೂ ಬರುವಂತೆ ಮೂರು ಸಲ ಹಾಕಿ ತೆಗೆದು ಕೂರಿಸಿದಳು. ನೀರು ಬಿಟ್ಟಳು. ಮೂರೂವರೆ ಲೀಟರ್, ಹನಿಯಿಲ್ಲ. ಅಚ್ಚು ಮತ್ತೆ ಮೆಷಿನ್ ಏರುವಷ್ಟರಲ್ಲಿ ಮಧ್ಯಾಹ್ನ ಒಂದಾಗಿತ್ತು, ಯಾರಿಗೂ ಊಟದ ನೆನಪಿಲ್ಲ.

ಎರಡನೆಯ ಸಲದ ಮುಚ್ಚಳಗಳು ತಣಿಯುವವರೆಗೆ ಆ ಒಂದು ಗಂಟೆಯನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಅವಿನಾಶ್ ಗೇಜ್ ಹಾಕಿದ. ಎಡಗಡೆ ಒಂದು ಭಾಗಕ್ಕಿಂತ ಕಡಿಮೆ, ಬಲಗಡೆ ಒಂದು ಭಾಗ. ಹದಿನಾಲ್ಕೇ ಸೆಕೆಂಡಿನ ತಣಿವು, ಹಳೆಯದರ ಅರ್ಧಕ್ಕೂ ಕಡಿಮೆ. ಇಪ್ಪತ್ತು ಮುಚ್ಚಳ ನೋಡಿದ, ಇಪ್ಪತ್ತೂ ಅದೇ. ಪೂರ್ತಿ ಅಳತೆ ನಾಳೆ ಅಲ್ಲಿ ಮಾಡ್ತೀವಿ, ಪ್ಯಾಕ್ ಮಾಡಿ ಎನ್ನುವಾಗ ಅವನ ಮುಖ ಅರಳಿತು. ಸೂರ್ಯನಾರಾಯಣರು ಬಂದು ಅವಳ ಮುಂದೆ ನಿಂತು ಕೆಮ್ಮಿದರು.

"ಆಯ್ತಮ್ಮ, ಮಂಡೇ ಇಂಟರ್ವ್ಯೂ ಕ್ಯಾನ್ಸಲ್ ಮಾಡ್ತೀನಿ. ಸೈನ್ ಹಾಕಿ ಕಳ್ಸಿ."

ಹದಿನಾರು ವರ್ಷ ಕಾದಿದ್ದ ಮಾತು. ಕುಣಿಯಬೇಕಿತ್ತು ಅವಳು. ಆದರೆ ಅಚ್ಚು ಕಳಿಸಲು ಒಪ್ಪಿಗೆ ಕೊಡುವ ಬಿಡುಗಡೆ ಹಾಳೆಯನ್ನು ಕೈಗೆ ತೆಗೆದುಕೊಂಡಾಗ, ಪಕ್ಕದಲ್ಲಿ ಉಪಕರಣ ಒರೆಸುತ್ತಿದ್ದ ಡೆರಿಕ್, ಯಾರನ್ನೂ ನೋಡದೆ, ತಾನಾಗಿದ್ದರೂ ಬಿಗಿಯುತ್ತಿದ್ದೆ ಎಂದ. ಹನಿ ಕಂಡರೆ ಯಾರು ಸುಮ್ಮನಿರುತ್ತಾರೆ?

ಸಮಾಧಾನಕ್ಕೆ ಹೇಳಿದ ಮಾತು ಅದು, ಅವಳಿಗೆ ಮುಳ್ಳಾಗಿ ಚುಚ್ಚಿತು. ನಿಜವೇ ತಾನೆ. ಆರು ತಿಂಗಳಿಗೊಮ್ಮೆ ಆ ಫ್ಯಾಕ್ಟರಿಯವರು ಬಾವಿಯ ಪಾಚಿ, ಸುಣ್ಣ ತೆಗೆಯಲು ಕೋರ್ ಬಿಚ್ಚುತ್ತಾರೆ. ಮತ್ತೆ ಹಾಕುವಾಗ ಅಲ್ಲಿಯೂ ಒಬ್ಬ ಒಳ್ಳೆಯ ಕೆಲಸಗಾರ ಇರುತ್ತಾನೆ, ಅವನೂ ಹನಿ ನೋಡುತ್ತಾನೆ, ಅವನೂ ಕಾಲು ಸುತ್ತು ಕೊಡುತ್ತಾನೆ. ಬಾಗಿದ ಮುಚ್ಚಳ ಉಬ್ಬಸದವರ ಡಬ್ಬಿಗೆ ಸರಿಯಾಗಿ ಕೂರದೆ, ಯಾರದೋ ಚೀಲದೊಳಗೆ ಬಿದ್ದುಹೋಗುತ್ತದೆ. ಕೆಲಸ ಬಲ್ಲವನು ಕೆಲಸ ಬಲ್ಲವನಂತೆಯೇ ನಡೆದುಕೊಂಡರೆ ಕೆಡುವ ವಸ್ತು ಇದು. ಬೆಳಗ್ಗಿನಿಂದ ಕೈಯನ್ನು ಶಪಿಸುತ್ತಿದ್ದಳು. ಸೋರದಂತೆ ಬಿಗಿಯುವುದಕ್ಕೂ ತಡಿಕೆಯನ್ನು ಅಡ್ಡ ನಿಲ್ಲಿಸುವುದಕ್ಕೂ ಒಂದೇ ತಿರುಪು ಇಟ್ಟವಳು ಯಾರು? ಗೀಚಿದ್ದು ಅವಳ ತಲೆಯೇ.

ಅವಳು ಹಾಳೆಯನ್ನು ಸಹಿಯಿಲ್ಲದೆ ಮೇಜಿನ ಮೇಲಿಟ್ಟಳು.

"ಇವತ್ತು ಕಳ್ಸಲ್ಲ ಸರ್" ಎಂದಳು. "ತಪ್ಪು ಟೈಟ್ ಮಾಡಿದ್ದರಲ್ಲಿಲ್ಲ. ಡಿಸೈನಲ್ಲಿದೆ. ನಂದೇ."

ಸೂರ್ಯನಾರಾಯಣರಿಗೆ ಕೋಪ ನೆತ್ತಿಗೇರಿತು. ಪಾಸಾದ ಅಚ್ಚು, ಒಪ್ಪಿದ ಗಿರಾಕಿ, ಬಾಗಿಲಲ್ಲಿ ನಿಂತ ವ್ಯಾನು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವವರನ್ನು ಇಲ್ಲೇ ನೋಡಿದ್ದು ಎಂದರು. ಇಂಟರ್ವ್ಯೂ ಇನ್ನೂ ಕ್ಯಾನ್ಸಲ್ ಮಾಡಿಲ್ಲ ಎಂಬುದನ್ನೂ ನೆನಪಿಸಿದರು. ಅವಿನಾಶ್ ಗಡಿಯಾರ ನೋಡಿ, ಪ್ಲೀಸ್ ಆಂಟಿ, ಬೇಕಾದರೆ ಎಚ್ಚರಿಕೆಯ ಚೀಟಿ ಅಂಟಿಸಿ ಕೊಡಿ ಎಂದು ಗೋಗರೆದ. ಚೀಟಿ ಓದಿಕೊಂಡು ಯಾರೂ ಸ್ಪ್ಯಾನರ್ ಹಿಡಿಯಲ್ಲ ಎಂದಳು ಇವಳು.

ಪೆನ್ಸಿಲ್ ತೆಗೆದುಕೊಂಡು, ಆ ಹಾಳೆಯ ಬೆನ್ನಿನ ಮೇಲೆಯೇ ಗೆರೆ ಎಳೆದು ತೋರಿಸಿದಳು. ತಿರುಪಿನ ಬಿರಡೆಗಳೇ ಬೇಡ. ಒಂದೇ ಹಿತ್ತಾಳೆ ಫಲಕ, ಎರಡೂ ತಡಿಕೆಗಳನ್ನು ಅದಕ್ಕೇ ಬೆಸೆಯುವುದು. ಪ್ರತಿ ಬಾವಿಯ ಬಾಯಿಯ ಸುತ್ತ ಒಂದು ರಬ್ಬರ್ ಬಳೆ. ಸೋರದಂತೆ ತಡೆಯುವುದು ಅದರ ಕೆಲಸ. ಕೋರಿನ ಅಡಿಯ ಉಕ್ಕಿನ ತಟ್ಟೆಯಲ್ಲಿ ಫಲಕಕ್ಕೆ ಅಳತೆಯ ಹಳ್ಳ ತೋಡಿದರೆ ಅದು ಅಲ್ಲಿ ಕೂತುಬಿಡುತ್ತದೆ. ಎರಡು ಬಾವಿಗೆ ಸೇರಿ ಒಂದೇ ಫಲಕವಾದ್ದರಿಂದ, ತಿರುಗಿಸುತ್ತೇನೆಂದರೂ ತಿರುಗುವುದಿಲ್ಲ. ತಿರುವುಮುರುವು ಮಾಡಿ ಎಡದ್ದನ್ನು ಬಲಕ್ಕೆ ಹಾಕಿದರೂ ತಡಿಕೆ ಅಡ್ಡವೇ ನಿಲ್ಲುತ್ತದೆ. ಗಟ್ಟಿ ಮಾಡಿದ ಕೋರನ್ನು ಮುಟ್ಟುವ ಗೋಜಿಲ್ಲ. ಕತ್ತರಿಸುವುದೆಲ್ಲ ಹಿತ್ತಾಳೆ ಮತ್ತು ಮೆತ್ತನೆಯ ಉಕ್ಕು.

ಸೂರ್ಯನಾರಾಯಣರು ಕನ್ನಡಕ ಹಣೆಗೇರಿಸಿ ಆ ಗೀಚನ್ನು ನೋಡಿದರು. ತಪ್ಪು ಹುಡುಕುವುದಕ್ಕೇ ನೋಡಿದರು, ಅದು ಅವರ ಹುಬ್ಬಿನಲ್ಲೇ ಗೊತ್ತಾಗುತ್ತಿತ್ತು. ಬಳೆಯ ಸುತ್ತ ಉಳಿಯುವ ಜಾಗ ಎಷ್ಟು ಎಂದು ಕೇಳಿದರು, ಅವಳು ಹೇಳಿದಳು. ಹಳ್ಳದ ಆಳ ತುಸು ಹೆಚ್ಚಾದರೆ ಬಳೆ ಒತ್ತುವುದಿಲ್ಲವಲ್ಲ ಎಂದರು. ಅದಕ್ಕೇ ಹಳ್ಳವನ್ನು ಕೊನೆಗೆ, ಫಲಕದ ದಪ್ಪ ಅಳೆದ ಮೇಲೆ ತೋಡುತ್ತೇನೆ ಎಂದಳು.

"ಎಷ್ಟು ಹೊತ್ತು?" ಎಂದರು.

"ನಾಲ್ಕು ಗಂಟೆ. ಆಮೇಲೆ ಇನ್ನೊಂದು ಟ್ರಯಲ್. ನಾಳೆ ಬೆಳಗ್ಗೆ ಕೊಡ್ತೀನಿ."

ಸೂರ್ಯನಾರಾಯಣರು ಕಪಾಟಿನಿಂದ ಹಿತ್ತಾಳೆ ತುಂಡೊಂದನ್ನು ತಾವೇ ಹುಡುಕಿ ತಂದು ಡೆರಿಕ್ ಕೈಗೆ ಕೊಟ್ಟರು. ಶಮ್ಸುನ್ನೀಸಾ ಕಂಪ್ಯೂಟರಿನ ಕೋಣೆಗೆ ಹೋಗಿ, ಕೃಷ್ಣಪ್ರಸಾದರ ಕುರ್ಚಿಯಲ್ಲಿ ಕೂತು, ಫಲಕ ಬಿಡಿಸತೊಡಗಿದಳು. ಕುರ್ಚಿ ಉಳಿಯಿತೋ ಹೋಯಿತೋ ಯಾರೂ ಹೇಳಿರಲಿಲ್ಲ, ಕೇಳುವುದಕ್ಕೆ ಅವಳಿಗೆ ಪುರುಸೊತ್ತೂ ಇರಲಿಲ್ಲ.

ಬಾಗಿಲು ತೆರೆದೇ ಇತ್ತು. ಆಚೆ ಅವಿನಾಶ್ ಬ್ಯಾಲಂಟೈನ್ ಆಫೀಸಿನ ಹರಿಣಿಗೆ, ಅವನ ಮೇಲಧಿಕಾರಿಗೆ, ಫೋನ್ ಮಾಡಿದ್ದ. ಅತ್ತ ಕಡೆಯಿಂದ ಸಿಟ್ಟಿನ ಪ್ರಶ್ನೆಗಳು ಬರುತ್ತಿದ್ದವೆಂದು ಅವನ ತೊದಲುವಿಕೆಯಲ್ಲೇ ತಿಳಿಯುತ್ತಿತ್ತು. ಪಾರ್ಟ್ ಚೆನ್ನಾಗಿದೆ, ಹೌದು, ಗೇಜ್ ಕೂಡ ಪಾಸ್ ಎಂದ. ಓನರ್‌ಗೂ ಅಭ್ಯಂತರ ಇರಲಿಲ್ಲ ಎಂದ. ಮತ್ತೆ ಯಾಕೆ ಎಂದು ಅವಳು ಕೇಳಿರಬೇಕು. ಅವನು ಸೋತ ದನಿಯಲ್ಲಿ, ದೂರು ಹೇಳುವವನ ಹಾಗೆ, "ಏನ್ ಮಾಡ್ಲಿ ಹರಿಣಿ, ಡಿಸೈನರ್ ಬಿಡ್ತಿಲ್ಲ" ಎಂದ.